ಎಕರೆ ನೋಡಿ ಬೇಲಿಯ ಲೆಕ್ಕ ಹಾಕಬೇಡಿ: ಕಲ್ಲುಕಂಬ, ಮುಳ್ಳುತಂತಿ, ಕಾಂಪೌಂಡಿನ ಖರ್ಚನ್ನು ನಾವೇ ಅಂದಾಜು ಮಾಡುವ ಬಗೆ

"ಒಂದೆಕರೆಗೆ ಬೇಲಿ ಹಾಕಿಸೋಕೆ ಎಷ್ಟಾಗುತ್ತೆ?" ಅಂತ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಹೊಲದ ಆಕಾರ ಹೇಗಿದೆ ಅಂತ. ಎಕರೆ ಅಂದರೆ 40 ಗುಂಟೆ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಹಾಗಾಗಿ ಎಕರೆಗೆ 43,560 ಚದರ ಅಡಿ. ಇದೇ ಎಕರೆ ಚೌಕವಾಗಿದ್ದರೆ ಒಂದೊಂದು ಮಗ್ಗುಲು ಸುಮಾರು 209 ಅಡಿ, ಸುತ್ತಳತೆ 835 ಅಡಿಯ ಆಸುಪಾಸು. ಅಣ್ಣತಮ್ಮಂದಿರ ಭಾಗದಲ್ಲಿ ಉದ್ದಕ್ಕೆ ಸೀಳಿದ ಪಟ್ಟಿಯಾಗಿ, 66 ಅಡಿ ಅಗಲ 660 ಅಡಿ ಉದ್ದ ಬಂದಿದ್ದರೆ ಸುತ್ತಳತೆ 1,452 ಅಡಿ. ಪಹಣಿಯಲ್ಲಿ ಎರಡೂ ಒಂದೇ ಎಕರೆ. ಬೇಲಿಗೆ ಮಾತ್ರ ಆರುನೂರು ಅಡಿಗೂ ಹೆಚ್ಚು ವ್ಯತ್ಯಾಸ.

ನಮ್ಮ ಹೊಲಕ್ಕೆ ಮೊದಲ ಸಲ ಬೇಲಿ ಹಾಕಿಸಿದಾಗ ನನಗೆ ಇದು ಗೊತ್ತಿರಲಿಲ್ಲ. "ಎಕರೆಗೆ ನೂರು ಕಲ್ಲು ಸಾಕು" ಎಂದ ಒಬ್ಬರ ಮಾತು ನಂಬಿ ನೂರು ಕಲ್ಲು ಇಳಿಸಿಕೊಂಡೆ. ಗುಂಡಿ ತೋಡಿ ಕಂಬ ನಿಲ್ಲಿಸುತ್ತಾ ಹೋದರೆ ಪಡುವಣ ಬದುವಿನ ಮಧ್ಯಕ್ಕೆ ಬರುವಷ್ಟರಲ್ಲಿ ಕಲ್ಲು ಮುಗಿದೇ ಹೋಯಿತು. ಇನ್ನೂ 34 ಬೇಕಾಗಿದ್ದವು. ಕೆಲಸದವರನ್ನು ಎರಡು ದಿನ ಕೂರಿಸಿ, ಮತ್ತೆ ಬಾಡಿಗೆ ಕೊಟ್ಟು ತರಿಸಿದ ಕಲ್ಲು ಬೇರೆ ಕ್ವಾರಿಯದು, ಅರ್ಧ ಅಡಿ ಗಿಡ್ಡ. ಅಲ್ಲಿಂದ ಮುಂದಕ್ಕೆ ಮೇಲಿನ ಎಳೆ ತಗ್ಗಿ ಹೋಗಿರುವುದು ಇವತ್ತಿಗೂ ರಸ್ತೆಯಿಂದಲೇ ಕಾಣುತ್ತದೆ.

ಆಮೇಲೆ ನೆಂಟರಿಷ್ಟರ ಹೊಲ ತೋಟಗಳಿಗೆ ಅಂದಾಜು ಹಾಕಿಕೊಡುತ್ತಾ ನನಗೆ ಮನದಟ್ಟಾದದ್ದು ಇಷ್ಟು. ನಾವು ಅಂಗಡಿಯಲ್ಲಿ ಗಂಟೆಗಟ್ಟಲೆ ಚೌಕಾಶಿ ಮಾಡುವ ತಂತಿಗೋ ಇಟ್ಟಿಗೆಗೋ ಹೋಗುವ ಹಣ ಕಡಿಮೆ. ಕಂಬ, ಅದರ ಸಾಗಣೆ, ಗುಂಡಿ, ತಳಪಾಯ, ಕೂಲಿ ಇವೇ ಹಣ ತಿನ್ನುವವು. ಅವೆಲ್ಲ ಬೇಲಿ ಎಷ್ಟು ಅಡಿ ಓಡುತ್ತದೆ ಎನ್ನುವುದರ ಮೇಲೆ ನಿಂತಿವೆ. ಆದ್ದರಿಂದ ಶುರು ಮಾಡಬೇಕಾದ್ದು ಟೇಪಿನಿಂದ.

ಮೊದಲು ಅಳತೆ

ಅಳೆಯುವ ಮೊದಲು ಗಡಿ ಎಲ್ಲಿದೆ ಎಂದು ಖಾತ್ರಿಯಾಗಬೇಕು. ಬಾಂದುಕಲ್ಲು ಇದ್ದು, ಅಕ್ಕಪಕ್ಕದವರೂ ಒಪ್ಪಿದ್ದರೆ ಸರಿ. ಕಲ್ಲು ಕಿತ್ತುಹೋಗಿದ್ದರೆ, ಬದು ಒತ್ತುವರಿಯ ಅನುಮಾನವಿದ್ದರೆ ಸರ್ವೆ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೇಯರ್ ಬಂದು ಗಡಿ ಗುರುತಿಸಿದ ಮೇಲೆಯೇ ಮುಂದುವರಿಯಿರಿ. ನೂರು ಕಲ್ಲು ನೆಟ್ಟ ಮೇಲೆ ಪಕ್ಕದವರು ತಕರಾರು ತೆಗೆದು, ಎರಡಡಿ ಒಳಕ್ಕೆ ಸರಿಸಬೇಕಾಗಿ ಬಂದರೆ ಕಿತ್ತು ನೆಡುವ ಕೂಲಿಯೇ ಸಾವಿರಾರು ರೂಪಾಯಿ.

ಗಡಿ ಗೊತ್ತಾದ ಮೇಲೆ ನೂರಡಿ ಟೇಪು, ಎರಡು ಗೂಟ, ಇಬ್ಬರು ಜನ, ಒಂದು ಹಾಳೆ. ಹಾಳೆಯ ಮೇಲೆ ಹೊಲದ ಆಕಾರವನ್ನು ಕೈಯಲ್ಲೇ ಬರೆದುಕೊಂಡು ಒಂದೊಂದು ಮಗ್ಗುಲನ್ನೂ ಬೇರೆ ಬೇರೆ ಅಳೆದು ಅದರದರ ಪಕ್ಕದಲ್ಲೇ ಬರೆಯಿರಿ. ಮೂಲೆ ಎಲ್ಲಿ ತಿರುಗುತ್ತದೆ, ಗೇಟು ಎಲ್ಲಿ ಬರಬೇಕು, ಹಳ್ಳ ಎಲ್ಲಿ ದಾಟುತ್ತದೆ, ಎಲ್ಲಿ ಬಂಡೆಯಿದೆ ಎಲ್ಲವೂ ಅದೇ ಹಾಳೆಯಲ್ಲಿರಲಿ. ಬರೀ ಒಟ್ಟು ಸುತ್ತಳತೆ ಇದ್ದರೆ ಕಂಬದ ಲೆಕ್ಕ ತಪ್ಪುತ್ತದೆ. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ಮೊಬೈಲಿನಲ್ಲಿ ಸುತ್ತು ಹಾಕಿ ಅಳೆಯುವುದು ಇತ್ತೀಚೆಗೆ ರೂಢಿಯಾಗಿದೆ. ಸಾಲ ಕೇಳಲು ಹೋಗುವ ಮೊದಲು ಒಂದು ಅಂದಾಜಿಗೆ ಅದು ಸಾಕು. ಕಲ್ಲು ಆರ್ಡರ್ ಮಾಡಲು ಸಾಲದು, ಒಂದೊಂದು ಮೂಲೆಯಲ್ಲೂ ಅದು ಕೆಲವು ಮೀಟರ್ ಆಚೀಚೆ ತೋರಿಸಬಹುದು. ಇನ್ನೊಂದು ಮಾತು: ಸರ್ವೆ ನಕ್ಷೆಯಲ್ಲಿರುವ ಉದ್ದ ಮಟ್ಟಸವಾಗಿ ಹಿಡಿದ ಅಳತೆ. ತಂತಿ ಮಾತ್ರ ನೆಲದ ಏರು ಇಳಿತದ ಮೇಲೆಯೇ ಹೋಗುತ್ತದೆ. ನೂರಡಿಗೆ ಇಪ್ಪತ್ತಡಿ ಏರುವ ಇಳಿಜಾರಿನಲ್ಲಿ ಬೇಲಿ ನೂರಕ್ಕೆ ಎರಡಡಿ ಹೆಚ್ಚು ಓಡುತ್ತದೆ. ಹೀಗಾಗಿ ಇಳಿಜಾರಿನ ಹೊಲದಲ್ಲಿ ಟೇಪನ್ನು ನೆಲಕ್ಕೆ ಸಮನಾಗಿ ಹಿಡಿದೇ ಅಳೆಯಿರಿ.

ಲೆಕ್ಕ ತೋರಿಸಲು ನಮ್ಮ ಶಿರಾ ಕಡೆಯಂಥ ಕೆಂಪುಮಣ್ಣಿನ ಒಂದೆಕರೆ ಹೊಲವನ್ನು ತೆಗೆದುಕೊಳ್ಳುತ್ತೇನೆ. ಮೂಡಣ ಮಗ್ಗುಲು 330 ಅಡಿ, ತೆಂಕಣ 128, ಪಡುವಣ 318, ಬಡಗಣ ರಸ್ತೆ ಬದಿ 142. ಒಟ್ಟು 918 ಅಡಿ. ರಸ್ತೆ ಬದಿಯಲ್ಲಿ 12 ಅಡಿಯ ಗೇಟು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ತಿರುಗಿ ಒಳಗೆ ಬರಲು ಅಷ್ಟಾದರೂ ಬೇಕು. ಗೇಟಿನ ಒಂದು ಕಡೆ 40 ಅಡಿ, ಇನ್ನೊಂದು ಕಡೆ 90 ಅಡಿ ಬೇಲಿ ಉಳಿಯುತ್ತದೆ.

ಇನ್ನು ಮುಂದೆ ನಾನು ಹಾಕುವ ದರಗಳೆಲ್ಲ ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು. ಊರಿಂದೂರಿಗೆ, ಕ್ವಾರಿಯಿಂದ ಕ್ವಾರಿಗೆ ಬದಲಾಗುತ್ತವೆ. ನಿಮ್ಮೂರಿನ ದರ ಕೇಳಿ ಅದೇ ಜಾಗದಲ್ಲಿ ಕೂರಿಸಿಕೊಳ್ಳಿ, ದಾರಿ ಅದೇ.

ಕಂಬ ಎಷ್ಟು ಬೇಕು

ಮುಳ್ಳುತಂತಿಗೆ ಕಂಬದಿಂದ ಕಂಬಕ್ಕೆ 8 ಅಡಿ ಇಡುವುದು ಒಳ್ಳೆಯದು, 10 ಅಡಿ ಮೀರಬಾರದು. ಮಗ್ಗುಲಿನ ಉದ್ದವನ್ನು 8ರಿಂದ ಭಾಗಿಸಿ, ಬಂದ ಭಿನ್ನರಾಶಿಯನ್ನು ಮೇಲಿನ ಪೂರ್ಣ ಸಂಖ್ಯೆಗೆ ಏರಿಸಿ. ಅದು ಆ ಮಗ್ಗುಲಿನ ಸಂದುಗಳ ಸಂಖ್ಯೆ. ಮೂಡಣಕ್ಕೆ 330 ಭಾಗ 8 ಅಂದರೆ 41 ಕಾಲು, ಹಾಗಾಗಿ 42 ಸಂದು. ತೆಂಕಣಕ್ಕೆ ಸರಿಯಾಗಿ 16. ಪಡುವಣಕ್ಕೆ 40. ರಸ್ತೆ ಬದಿಯ 40 ಅಡಿಗೆ 5, 90 ಅಡಿಗೆ 12. ಗೇಟಿನದೇ ಒಂದು ಸಂದು. ಎಲ್ಲ ಕೂಡಿದರೆ 116.

ಬೇಲಿ ಸುತ್ತಿ ಬಂದು ಶುರುವಾದ ಕಂಬಕ್ಕೇ ಸೇರಿದರೆ ಸಂದು ಎಷ್ಟೋ ಕಂಬವೂ ಅಷ್ಟೇ. ಹಾಗಾಗಿ ಇಲ್ಲಿ 116 ಕಂಬ, ಅದರಲ್ಲಿ ಎರಡು ಗೇಟಿನವು. ಒಂದೇ ಮಗ್ಗುಲಿಗೆ ಬೇಲಿ ಹಾಕುವುದಾದರೆ ಮಾತ್ರ ಸಂದಿಗಿಂತ ಒಂದು ಕಂಬ ಹೆಚ್ಚು ಬೇಕು. ಒಟ್ಟು 918 ಅಡಿಯನ್ನೇ ಸೀದಾ ಭಾಗಿಸಿದ್ದರೆ 115 ಬರುತ್ತಿತ್ತು. ಇಲ್ಲಿ ಒಂದೇ ಕಲ್ಲಿನ ವ್ಯತ್ಯಾಸ, ಆದರೆ ಏಳೆಂಟು ಮೂಲೆಗಳ ಡೊಂಕು ಹೊಲದಲ್ಲಿ ನಾಲ್ಕೈದು ಕಲ್ಲು ಕಮ್ಮಿ ಬೀಳುತ್ತವೆ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಮಾಡಿದ ತಪ್ಪನ್ನೇ ಮಾಡಿದಂತಾಗುತ್ತದೆ. ಎಲ್ಲರೂ ಮರೆಯುವುದು ಸಪೋರ್ಟ್ ಕಲ್ಲು. ತಂತಿ ಬಿಗಿದಾಗ ಅದರ ಎಳೆತವೆಲ್ಲ ಮೂಲೆಯ ಕಂಬದ ಮೇಲೆ ಬೀಳುತ್ತದೆ. ಆ ಕಂಬವನ್ನು ತಂತಿ ತನ್ನ ಕಡೆಗೆ ಜಗ್ಗದ ಹಾಗೆ, ಬೇಲಿಯ ಸಾಲಿನಲ್ಲೇ, ಇನ್ನೊಂದು ಕಲ್ಲನ್ನು ಓರೆಯಾಗಿ ಆನಿಸಿ ನಿಲ್ಲಿಸಬೇಕು. ಮೂಲೆಗೆ ಎರಡು ದಿಕ್ಕಿನಿಂದಲೂ ಎಳೆತ ಇರುವುದರಿಂದ ಎರಡು ಸಪೋರ್ಟ್, ನಾಲ್ಕು ಮೂಲೆಗೆ 8. ಗೇಟಿನ ಕಂಬಗಳಿಗೆ ಒಂದೊಂದು, 2. ಉದ್ದನೆಯ ಮಗ್ಗುಲಿನಲ್ಲಿ ಸುಮಾರು ನೂರು ನೂರಹತ್ತು ಅಡಿಗೊಂದು ಕಡೆ ಎಳೆತ ತಡೆಯುವ ಕಂಬ ಇಟ್ಟು ಅದಕ್ಕೆ ಎರಡೂ ಕಡೆ ಸಪೋರ್ಟ್ ಕೊಡಬೇಕು. ಮೂಡಣದಲ್ಲಿ ಎರಡು ಕಡೆ, ಪಡುವಣದಲ್ಲಿ ಎರಡು ಕಡೆ, ಒಟ್ಟು 8. ಎಲ್ಲ ಸೇರಿ 18 ಸಪೋರ್ಟ್ ಕಲ್ಲು.

ಗೇಟಿನವೆರಡನ್ನು ಬಿಟ್ಟು 114 ಕಂಬ, 18 ಸಪೋರ್ಟ್, ಒಟ್ಟು 132. ಇಳಿಸುವಾಗ ಮೂರೋ ನಾಲ್ಕೋ ಮುರಿಯುತ್ತವೆ. 136 ಕಲ್ಲಿಗೆ ಹೇಳಿ. ಗೇಟಿಗೆ 8 ಅಡಿ ಉದ್ದದ, 8 ಇಂಚು ದಪ್ಪದ ಎರಡು ಕಲ್ಲು ಬೇರೆ.

ಕಲ್ಲಿನ ಉದ್ದ 7 ಅಡಿ ಇರಲಿ, ಎರಡಡಿ ನೆಲದೊಳಗೆ, ಐದಡಿ ಮೇಲೆ. 6 ಅಡಿಯ ಕಲ್ಲು ಅಗ್ಗ ಸಿಗುತ್ತದೆ. ಅದನ್ನು ತಂದವರು ಬೇಲಿ ಎತ್ತರ ಕಾಣಲಿ ಎಂದು ಒಂದೂವರೆ ಅಡಿ ಮಾತ್ರ ಹೂತು, ಮೊದಲ ಮಳೆಗಾಲದಲ್ಲೇ ಕಂಬ ವಾಲಿಸಿಕೊಂಡಿದ್ದನ್ನು ನೋಡಿದ್ದೇನೆ. ಎರೆಮಣ್ಣಿನ ಹೊಲವಾದರೆ ಎರಡಡಿಯೂ ಸಾಲದು. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಕಂಬ ಬುಡದಲ್ಲೇ ಅಲುಗಾಡಲು ಶುರುವಾಗುತ್ತದೆ. ಅಲ್ಲಿ ಎರಡೂವರೆ ಅಡಿಗಿಂತ ಕಡಿಮೆ ಹೂಳಬೇಡಿ, ಕಲ್ಲಿನ ಉದ್ದವನ್ನೂ ಅದಕ್ಕೆ ತಕ್ಕಂತೆ ಕೇಳಿ.

ಸಾಗಣೆಯ ಲೆಕ್ಕವನ್ನು ಕಲ್ಲಿನ ತೂಕದಿಂದ ಹಿಡಿಯಬೇಕು. ಗ್ರಾನೈಟ್ ಕಲ್ಲು ಘನ ಅಡಿಗೆ ಸುಮಾರು 75 ಕಿಲೋ ತೂಗುತ್ತದೆ. 7 ಅಡಿ ಉದ್ದ, 6 ಇಂಚು ಅಗಲ, 4 ಇಂಚು ದಪ್ಪದ ಕಂಬ ಸುಮಾರು 87 ಕಿಲೋ. 136 ಕಲ್ಲು, ಗೇಟಿನ ಕಲ್ಲು ಸೇರಿ 12 ಟನ್ ದಾಟುತ್ತದೆ. ಅಂದರೆ ದೊಡ್ಡ ಲಾರಿಯ ಒಂದು ಲೋಡು, ಇಲ್ಲವೇ ಟ್ರ್ಯಾಕ್ಟರಿನಲ್ಲಿ ನಾಲ್ಕು ಟ್ರಿಪ್. ಹೊಲದ ತನಕ ಲಾರಿ ಹೋಗುವ ದಾರಿ ಇಲ್ಲದಿದ್ದರೆ ರಸ್ತೆಯಲ್ಲಿ ಇಳಿಸಿ ಮತ್ತೆ ಒಳಗೆ ಸಾಗಿಸುವ ಖರ್ಚು ಬೇರೆ ಬೀಳುತ್ತದೆ, ಅದನ್ನು ಈಗಲೇ ಬರೆದುಕೊಳ್ಳಿ. "ಕಲ್ಲು 280 ರೂಪಾಯಿ" ಎಂದರೆ ಕ್ವಾರಿಯಲ್ಲೋ, ಹೊಲದಲ್ಲೋ ಎಂಬುದನ್ನು ಕೇಳದೆ ಮುಂಗಡ ಕೊಡಬೇಡಿ.

ನಾನು ಕ್ವಾರಿಯಲ್ಲಿ 280ರಂತೆ ಹಿಡಿಯುತ್ತೇನೆ: 38,080. ಗೇಟಿನ ಎರಡು ಕಲ್ಲಿಗೆ 2,400. ಸಾಗಣೆ 9,000, ಇಳಿಸುವ ಕೂಲಿ 3,000. ಕಲ್ಲಿನ ಬಾಬ್ತು ಒಟ್ಟು 52,480.

ತಂತಿ

ಗೇಟಿನ 12 ಅಡಿ ಕಳೆದರೆ ತಂತಿ ಓಡುವುದು 906 ಅಡಿ. ದನ, ಎಮ್ಮೆ ತಡೆಯಲು ನಾಲ್ಕು ಎಳೆ ಸಾಕಾದರೂ ಮೇಕೆ ಕುರಿ ಓಡಾಡುವ ಊರಿನಲ್ಲಿ ಐದು ಬೇಕು. ಕೆಳಗಿನ ಮೂರು ಎಳೆ ಹತ್ತಿರ ಹತ್ತಿರ, ಒಂಬತ್ತಿಂಚಿಗೊಂದು. ಮೇಲಿನ ಎರಡರ ನಡುವೆ ಒಂದಡಿಗಿಂತ ಸ್ವಲ್ಪ ಹೆಚ್ಚು. ಎಲ್ಲವನ್ನೂ ಸಮಾನ ಅಂತರದಲ್ಲಿ ಎಳೆದರೆ ಬೇಲಿ ನೋಡಲು ಚೆಂದ, ಮರಿಗಳು ಮಾತ್ರ ಅಡಿಯಿಂದ ನುಸುಳುತ್ತವೆ. ಒಂದು ಮಾತು ಮುಂಚೆಯೇ ತಿಳಿದಿರಲಿ: ಹಂದಿ ಕಾಟಕ್ಕೆಂದು ಬೇಲಿ ಹಾಕುವುದಾದರೆ ಮುಳ್ಳುತಂತಿ ಕೆಲಸಕ್ಕೆ ಬರುವುದಿಲ್ಲ. ಹಂದಿ ಅಡಿಯಿಂದ ನುಗ್ಗುತ್ತದೆ. ಅದಕ್ಕೆ ಚೈನ್‌ಲಿಂಕ್ ಜಾಲರಿಯನ್ನು ನೆಲಕ್ಕೆ ಹೂತು ಕಟ್ಟಬೇಕು, ಅದರ ಖರ್ಚೇ ಬೇರೆ.

906 ಅಡಿ, ಐದು ಎಳೆ, 4,530 ಅಡಿ. ಮೂಲೆಯಲ್ಲಿ ಸುತ್ತುವುದು, ಗಂಟು, ತುಂಡಾದ ಕಡೆ ಜೋಡಣೆಗೆ ನೂರಕ್ಕೆ ಐದು ಸೇರಿಸಿ. 4,756 ಅಡಿ, ಅಂದರೆ 1,450 ಮೀಟರ್.

ಅಂಗಡಿಯವರು ಮುಳ್ಳುತಂತಿಯನ್ನು ಮಾರುವುದು ಕಿಲೋ ಲೆಕ್ಕದಲ್ಲಿ, ನಮಗೆ ಬೇಕಾಗಿರುವುದು ಅಡಿಯಲ್ಲಿ. ಎಡವುವುದು ಇಲ್ಲೇ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು. 12 ಗೇಜ್ ಅಂದರೆ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪ, ಕಿಲೋಗೆ ಹತ್ತಿರ ಹತ್ತಿರ 10 ಮೀಟರ್ ಬರುತ್ತದೆ. 14 ಗೇಜ್ ಸುಮಾರು ಎರಡು ಮಿಲಿಮೀಟರ್, ಕಿಲೋಗೆ 15 ಮೀಟರ್ ಆಸುಪಾಸು. ಮುಳ್ಳು ಎಷ್ಟು ಇಂಚಿಗೊಂದು ಇದೆ ಎಂಬುದರ ಮೇಲೂ ಇದು ಬದಲಾಗುತ್ತದೆ. ಹಾಗಾಗಿ ನಾನು ಅಂಗಡಿಯಲ್ಲೇ ಒಂದು ಮೀಟರ್ ತುಂಡು ಕತ್ತರಿಸಿಕೊಂಡು ಚಿಲ್ಲರೆ ಸಾಮಾನಿನ ತಕ್ಕಡಿಯಲ್ಲಿ ತೂಗುತ್ತೇನೆ. ನೂರು ಗ್ರಾಂ ಆಸುಪಾಸು ಬಂದರೆ 12 ಗೇಜ್. 12 ಎಂದು ಕೊಟ್ಟದ್ದು ಅರವತ್ತೆಪ್ಪತ್ತು ಗ್ರಾಂ ತೂಗಿದರೆ ಅದು 14 ಗೇಜಿನದು.

12 ಗೇಜ್‌ನಲ್ಲಿ ನಮಗೆ 145 ಕಿಲೋ ಬೇಕು, 150 ತರೋಣ. ಕಿಲೋಗೆ 90 ರೂಪಾಯಿಯಂತೆ 13,500. ದರ ಕೇಳುವಾಗ ಜಿಎಸ್‌ಟಿ ಸೇರಿಯೋ ಬೇರೆಯೋ ಎಂದು ಕೇಳಿಕೊಳ್ಳಿ. 14 ಗೇಜ್ ಆದರೆ 97 ಕಿಲೋ ಸಾಕಾಗುತ್ತದೆ, ನಾಲ್ಕೂವರೆ ಸಾವಿರದಷ್ಟು ಉಳಿಯುತ್ತದೆ. ಒಟ್ಟು ಖರ್ಚಿನ ಮುಂದೆ ಇದೆಷ್ಟು ಚಿಕ್ಕದು ಎಂದು ಕೊನೆಯಲ್ಲಿ ನೋಡಿ. ತೆಳು ತಂತಿ ಬೇಗ ಜೋಲುತ್ತದೆ, ಸತುವಿನ ಲೇಪ ಹೋಗಿ ತುಕ್ಕು ಹತ್ತಿದ ಮೇಲೆ ಬೇಗ ತುಂಡಾಗುತ್ತದೆ. ಮತ್ತೆ ಎಳೆಸುವ ಕೂಲಿ ಉಳಿಸಿದ ಹಣಕ್ಕಿಂತ ಹೆಚ್ಚು.

ಕೆಲವರು ಸಂದು ಸಂದಿಗೂ ಗುಣಾಕಾರದಂತೆ ಕ್ರಾಸ್ ತಂತಿ ಬೇಕೆನ್ನುತ್ತಾರೆ. 8 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಸಂದಿಗೆ ಒಂದು ಕ್ರಾಸಿಗೆ ಗಂಟು ಸೇರಿ ಹತ್ತತ್ತಿರ 20 ಅಡಿ ತಂತಿ ಹೋಗುತ್ತದೆ. 115 ಸಂದಿಗೆ ಎರಡು ಸಾವಿರದ ಇನ್ನೂರು ಅಡಿಗೂ ಹೆಚ್ಚು. ಅಂದರೆ ತಂತಿಯ ಲೆಕ್ಕ ಒಂದೂವರೆ ಪಟ್ಟಾಗುತ್ತದೆ. ಎಲ್ಲ ಕಡೆ ಬೇಡ, ರಸ್ತೆ ಬದಿ ಮತ್ತು ದನ ನುಗ್ಗುವ ಮಗ್ಗುಲಿಗೆ ಹಾಕಿಸಿದರೆ ಸಾಕು.

ಕಂಬಕ್ಕೆ ತಂತಿ ಬಿಗಿಯಲು ಜಿಐ ಬೈಂಡಿಂಗ್ ವೈರ್ ಬೇಕು. ಕಲ್ಲಿನ ಸುತ್ತ ಬರಲು ಒಂದು ಕಟ್ಟಿಗೆ ಎರಡಡಿ ಹಿಡಿದರೆ, 116 ಕಂಬ ಐದು ಎಳೆಗೆ 1,160 ಅಡಿ. 16 ಗೇಜ್‌ನಲ್ಲಿ 6 ಕಿಲೋ, 600 ರೂಪಾಯಿ.

ಕೂಲಿ

ಗುತ್ತಿಗೆ ಕೊಡುವವರೂ ಮೊದಲು ಆಳುಲೆಕ್ಕದಲ್ಲಿ ಒಮ್ಮೆ ಹಾಕಿ ನೋಡಬೇಕು. ಆಗ ಗುತ್ತಿಗೆದಾರ ಹೇಳಿದ ಮೊತ್ತ ಸರಿಯೋ ಅತಿಯೋ ಗೊತ್ತಾಗುತ್ತದೆ.

ಗುಂಡಿ 134, ಸಪೋರ್ಟಿನವೂ ಸೇರಿ. ಮಳೆ ಬಿದ್ದು ಹದವಾದ ಕೆಂಪುಮಣ್ಣಿನಲ್ಲಿ ಒಂದಾಳು ಹಾರೆ ಸಲಿಕೆ ಹಿಡಿದು ದಿನಕ್ಕೆ ಹತ್ತು ಗುಂಡಿ ತೋಡಬಲ್ಲ. ಅದೇ ಏಪ್ರಿಲ್ ಬಿಸಿಲಿನಲ್ಲಿ, ಗಟ್ಟಿ ಗೊಚ್ಚು ನೆಲದಲ್ಲಿ ನಾಲ್ಕೈದು ಆದರೆ ಹೆಚ್ಚು. ನೆಲ ಯಾವುದು, ತಿಂಗಳು ಯಾವುದು ಎನ್ನುವುದು ಈ ಒಂದು ಬಾಬ್ತನ್ನು ಇಮ್ಮಡಿ ಮಾಡುತ್ತದೆ. ಹಾಗಾಗಿ ಹಾಳೆ ಹಿಡಿದು ಅಳೆಯುವ ದಿನವೇ ನಾಲ್ಕು ಮಗ್ಗುಲಿಗೂ ಒಂದೊಂದು ಗುಂಡಿ ತೋಡಿಸಿ ನೋಡಿ. ಒಂದು ದಿನದ ಕೂಲಿಗೆ ಇಡೀ ಅಂದಾಜು ನಂಬುವ ಹಾಗಾಗುತ್ತದೆ. ಟ್ರ್ಯಾಕ್ಟರಿಗೆ ಜೋಡಿಸಿ ಗುಂಡಿ ತೋಡುವ ಯಂತ್ರ ಸಿಗುವ ಊರಾದರೆ ಗುಂಡಿಗೆ ಎಷ್ಟು ಎಂದು ಕೇಳಿ ಹೋಲಿಸಿ. ಬಂಡೆ ಸಿಕ್ಕಿದ ಕಡೆ ಅದೂ ನಿಲ್ಲುತ್ತದೆ.

ನಮ್ಮ ಹೊಲಕ್ಕೆ ಗುಂಡಿಗೆ 14 ಆಳು. ಕಂಬ ಎತ್ತಿ ನಿಲ್ಲಿಸಿ, ದಾರ ಕಟ್ಟಿ ನೇರ ನೋಡಿ, ಸುತ್ತ ಕಲ್ಲುಚೂರು ಮಣ್ಣು ಹಾಕಿ ಹಾರೆಯಿಂದ ಧಮ್ಮಸ್ಸು ಮಾಡಲು ಮೂವರಿಗೆ ಐದು ದಿನ, 15 ಆಳು. ತಂತಿ ಎಳೆದು ಕಟ್ಟಲು ನಾಲ್ವರಿಗೆ ಮೂರು ದಿನ, 12 ಆಳು. ದಾರ ಹಿಡಿದು ಸುಣ್ಣದ ಗುರುತು ಹಾಕಲು, ಪೊದೆ ಸವರಲು 4 ಆಳು. ಒಟ್ಟು 45 ಆಳು, 700ರಂತೆ 31,500.

ಧಮ್ಮಸ್ಸಿನ ವಿಷಯದಲ್ಲಿ ಕಣ್ಣಿಟ್ಟಿರಿ. ಗುಂಡಿಗೆ ಮಣ್ಣನ್ನು ಒಂದೇ ಸಲ ಸುರಿದು ಮೇಲೆ ತುಳಿದರೆ ಕಂಬ ಅವತ್ತು ನಿಂತಿರುತ್ತದೆ, ಒಳಗೆ ಟೊಳ್ಳು. ಅರ್ಧ ಅಡಿ ಮಣ್ಣು ಹಾಕಿ ಕುಟ್ಟಿ, ಮತ್ತೆ ಅರ್ಧ ಅಡಿ ಹಾಕಿ ಕುಟ್ಟಬೇಕು. ಮಾರನೇ ದಿನ ಕಂಬದ ತುದಿ ಹಿಡಿದು ಅಲುಗಿಸಿ, ಬುಡದ ಸುತ್ತ ಮಣ್ಣಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಮತ್ತೆ ಕುಟ್ಟಿಸಿ. ತಂತಿ ಎಳೆದ ಮೇಲೆ ಇದನ್ನು ಸರಿಮಾಡಲಾಗದು.

ಮೂಲೆಯ ನಾಲ್ಕು, ಗೇಟಿನ ಎರಡು ಕಂಬಕ್ಕೆ ಮಾತ್ರ ಕಾಂಕ್ರೀಟ್ ಹಾಕಿ. ಒಂದೂವರೆ ಅಡಿ ಚೌಕ, ಎರಡೂವರೆ ಅಡಿ ಆಳದ ಆರು ಗುಂಡಿಗೆ ಐದು ಮೂಟೆ ಸಿಮೆಂಟ್, ಜಲ್ಲಿ, ಮರಳು ಸೇರಿ 4,500. ಕಾಂಕ್ರೀಟ್ ಹಾಕಿ ವಾರ ಕಳೆಯುವ ಮೊದಲು ಆ ಕಂಬಗಳಿಗೆ ತಂತಿ ಬಿಗಿಯಬಾರದು.

ಕೂಡಿದರೆ

ಕಲ್ಲು, ಸಾಗಣೆ, ಇಳಿಸುವುದು: 52,480
ಮುಳ್ಳುತಂತಿ, ಬೈಂಡಿಂಗ್ ವೈರ್: 14,100
ಸಿಮೆಂಟ್, ಜಲ್ಲಿ, ಮರಳು: 4,500
ಕಬ್ಬಿಣದ ಗೇಟು, ನೂರು ಕಿಲೋ: 12,000
ಜೆಸಿಬಿ ಎರಡು ಗಂಟೆ: 2,400
ಕೂಲಿ: 31,500
ಒಟ್ಟು: 1,16,980

ಇದಕ್ಕೆ ನೂರಕ್ಕೆ ಏಳರಂತೆ ಮೇಲುಖರ್ಚು ಸೇರಿಸಿದರೆ ಒಂದೂಕಾಲು ಲಕ್ಷ. ಅಡಿಗೆ 136 ರೂಪಾಯಿ.

ಈಗ ನೋಡಿ. ಕಲ್ಲಿನ ಬಾಬ್ತು ನೂರಕ್ಕೆ 45, ಕೂಲಿ 27, ತಂತಿ 12. ಉಳಿಸಬೇಕೆಂದರೆ ಕೈ ಹಾಕಬೇಕಾದ್ದು ಕಂಬಕ್ಕೆ. ಒಂದು ಕಂಬ ಅಂದರೆ 280 ರೂಪಾಯಿ ಅಲ್ಲ. ಸಾಗಣೆ 88, ಗುಂಡಿ 70, ನಿಲ್ಲಿಸುವ ಕೂಲಿ 80 ಸೇರಿ 518. ಅಂತರ 8ರ ಬದಲು 10 ಅಡಿ ಇಟ್ಟರೆ 116 ಕಂಬ 92ಕ್ಕೆ ಇಳಿಯುತ್ತವೆ, 24 ಕಂಬ ಉಳಿಯುತ್ತವೆ. ಹನ್ನೆರಡು ಸಾವಿರದ ನಾನೂರರಷ್ಟು ಉಳಿತಾಯ, ತೆಳು ತಂತಿಯಲ್ಲಿ ಉಳಿಸುವುದರ ಎರಡೂವರೆ ಪಟ್ಟಿಗೂ ಹೆಚ್ಚು. ದನಗಳ ಕಾಟವಿಲ್ಲದ ಮಗ್ಗುಲಿಗೆ ನಾನು 10 ಅಡಿಯನ್ನೇ ಹೇಳುತ್ತೇನೆ, 12 ಗೇಜ್ ತಂತಿಯನ್ನು ಮಾತ್ರ ಬಿಡುವುದಿಲ್ಲ. ಇದಕ್ಕಿಂತ ದೊಡ್ಡ ಉಳಿತಾಯ ಪಕ್ಕದ ಹೊಲದವರ ಜೊತೆ ಕೂತು ಮಾತಾಡುವುದರಲ್ಲಿದೆ. ಮೂಡಣದ 330 ಅಡಿಯನ್ನು ಅವರೂ ನಾವೂ ಅರ್ಧರ್ಧ ಹಾಕಿಕೊಂಡರೆ ನಮಗೆ ಇಪ್ಪತ್ತು ಸಾವಿರದ ಹತ್ತಿರ ಮಿಗುತ್ತದೆ. ಯಾರು ಎಷ್ಟು ಕೊಟ್ಟರು, ಕಂಬ ಯಾರ ಬದುವಿನಲ್ಲಿದೆ ಎಂದು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿಡಿ.

ರಸ್ತೆ ಬದಿಗೆ ಗೋಡೆ ಬೇಕೆಂದರೆ

ರಸ್ತೆ ಬದಿಯ 130 ಅಡಿಗೆ ತಂತಿ ಬೇಡ, ಕಾಂಪೌಂಡ್ ಕಟ್ಟೋಣ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನನ್ನ ಭಾವನೂ ಹಾಗೇ ಕೇಳಿದ್ದರು. "ಬ್ಲಾಕಿಗೆ ನಲವತ್ತೆರಡು ರೂಪಾಯಿ, ಏಳುನೂರು ಬ್ಲಾಕ್, ಮೂವತ್ತು ಸಾವಿರದಲ್ಲಿ ಆಗಲ್ವೇನೋ?" ಅಂದರು. ಬ್ಲಾಕಿನ ಎಣಿಕೆ ಸರಿಯಿತ್ತು. ಗೋಡೆಯ ಲೆಕ್ಕ ಆಗಿರಲಿಲ್ಲ.

ಗೋಡೆಯನ್ನು ಹತ್ತಡಿಯ ಒಂದು ಅಂಕಣವಾಗಿ ಲೆಕ್ಕ ಹಾಕುವುದು ಸುಲಭ. ಐದಡಿ ಎತ್ತರ ಅಂದರೆ 50 ಚದರ ಅಡಿ. 16 ಇಂಚು ಉದ್ದ 8 ಇಂಚು ಎತ್ತರದ ಸಾಲಿಡ್ ಬ್ಲಾಕ್ ಗಾರೆ ಸೇರಿ ಒಂದು ಚದರ ಅಡಿಗೆ ಸ್ವಲ್ಪ ಕಡಿಮೆ ಜಾಗ ಹಿಡಿಯುತ್ತದೆ. ಒಡೆಯುವುದು ಸೇರಿ 54 ಬ್ಲಾಕ್, 2,268 ರೂಪಾಯಿ. ಇಟ್ಟಿಗೆಯಾದರೆ, 9 ಇಂಚು ಉದ್ದ 3 ಇಂಚು ಎತ್ತರದ್ದು, ನಾಲ್ಕೂವರೆ ಇಂಚಿನ ಗೋಡೆಗೆ 228 ಬೇಕು, ಒಂಬತ್ತಿಂಚಿನ ಗೋಡೆಗೆ ಅದರ ಎರಡರಷ್ಟು. ಇಟ್ಟಿಗೆಯ ಅಳತೆ ಊರೂರಿಗೆ ಬೇರೆ, ಒಂದನ್ನು ಅಳೆದು ನೋಡಿಯೇ ಎಣಿಸಿ.

ಇನ್ನು ನೆಲದೊಳಗಿನದು. ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಸೈಜ್ ಕಲ್ಲಿನ ತಳಪಾಯ ಹತ್ತಡಿಗೆ 30 ಘನ ಅಡಿ, ಸಾಮಾನು ಕೂಲಿ ಸೇರಿ 3,300. ಅದರ ಅಡಿಗೆ ಬೆಡ್ ಕಾಂಕ್ರೀಟ್ 1,050, ಪಾಯ ತೋಡಲು 400, ತಳಪಾಯದ ಮೇಲೆ ಆರಿಂಚಿನ ಬೆಲ್ಟ್ 875. ಬ್ಲಾಕ್ ಕಟ್ಟುವ ಕೂಲಿ, ಗಾರೆ 2,000. ಹತ್ತಡಿಗೊಂದು ಪಿಲ್ಲರ್ 2,500. ಎರಡೂ ಬದಿ ಪ್ಲಾಸ್ಟರ್ 100 ಚದರ ಅಡಿ, 4,000. ಕೂಡಿದರೆ ಒಂದು ಅಂಕಣಕ್ಕೆ 16,393. ಅಡಿಗೆ 1,640 ರೂಪಾಯಿ, ತಂತಿ ಬೇಲಿಯ ಹನ್ನೆರಡು ಪಟ್ಟು. ರಸ್ತೆ ಬದಿಗೆ 13 ಅಂಕಣ. ಗೇಟಿನಿಂದಾಗಿ ಗೋಡೆ ಎರಡು ತುಂಡಾಗುವುದರಿಂದ ಕೊನೆಯ ಪಿಲ್ಲರ್ ಎರಡು ಹೆಚ್ಚು. ಎರಡು ಲಕ್ಷದ ಹದಿನೆಂಟು ಸಾವಿರ. ಅದರಲ್ಲಿ ಬ್ಲಾಕಿನ ಪಾಲು ನೂರಕ್ಕೆ 14.

ಭಾವ ಹಾಳೆಯನ್ನು ಎರಡು ಸಲ ಓದಿ, "ಪ್ಲಾಸ್ಟರ್ ಒಳಗಡೆ ಬಿಡೋಣ" ಎಂದರು. ಅದು ನ್ಯಾಯವಾದ ಕಡಿತ. ಒಳಬದಿ ಪ್ಲಾಸ್ಟರ್ ಬಿಟ್ಟು, ಸಂದುಗಳಿಗೆ ಮಾತ್ರ ಗಾರೆ ತೀಡಿಸಿದರೆ ಅಂಕಣಕ್ಕೆ ಸುಮಾರು 2,000 ಉಳಿಯುತ್ತದೆ. ತಳಪಾಯದಲ್ಲಿ ಮಾತ್ರ ಉಳಿಸಲು ಹೋಗಬಾರದು. ಹೊಲದ ಇಳಿಜಾರು ರಸ್ತೆ ಕಡೆಗಿದ್ದರೆ ಮಳೆನೀರು ಗೋಡೆಗೆ ಬಂದು ನಿಲ್ಲುತ್ತದೆ. ಆಗ ಅದು ಬರೀ ಬೇಲಿಯಾಗಿ ಉಳಿಯದೆ ಒಡ್ಡಿನ ಹೊರೆ ಹೊರುತ್ತದೆ, ಅದಕ್ಕೆಂದು ಕಟ್ಟದ ಗೋಡೆ ಹೊರಕ್ಕೆ ಬಾಗಿ ಬೀಳುತ್ತದೆ. ಪ್ರತಿ ಅಂಕಣದಲ್ಲೂ ನೆಲಮಟ್ಟಕ್ಕೆ ನೀರು ಹೋಗುವ ಕಿಂಡಿ ಬಿಡಿಸಿ, ಅದಕ್ಕೆ ಖರ್ಚೇನೂ ಇಲ್ಲ. ಪಿಲ್ಲರಿನ ಪಕ್ಕ ನೆಟ್ಟಗೆ ಬಿರುಕು ಕಂಡರೆ ಗೋಡೆ ವಾಲುತ್ತಿರಬಹುದು, ತೂಕದ ಗುಂಡು ಇಳಿಬಿಟ್ಟು ನೋಡಿ.

ಗುತ್ತಿಗೆದಾರರ ದರ ಹೋಲಿಸುವಾಗ

"ಅಡಿಗೆ 110, ಎಲ್ಲ ಸೇರಿ" ಎಂದು ಒಬ್ಬರು, "ಅಡಿಗೆ 145" ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಅಗ್ಗ ಎಂದು ಆ ಅಂಕಿ ಮಾತ್ರ ನೋಡಿದರೆ ಗೊತ್ತಾಗುವುದಿಲ್ಲ. ಕಲ್ಲಿನ ಉದ್ದ ಎಷ್ಟು, ದಪ್ಪ ಎಷ್ಟು, ಕಂಬದ ಅಂತರ, ಎಷ್ಟು ಎಳೆ, ಯಾವ ಗೇಜ್, ಸಪೋರ್ಟ್ ಕಲ್ಲು ಎಷ್ಟು, ಮೂಲೆಗೆ ಕಾಂಕ್ರೀಟ್ ಇದೆಯೋ, ಗೇಟು ಸೇರಿದೆಯೋ, ಬಂಡೆ ಸಿಕ್ಕಿದರೆ ಯಾರ ಖರ್ಚು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಇಬ್ಬರ ಮುಂದೂ ಅದೇ ಹಾಳೆ ಇಡಿ. ನಾನು ನೋಡಿದ ಮಟ್ಟಿಗೆ ಅಗ್ಗದ ದರದ ಹಿಂದೆ ಹೆಚ್ಚಾಗಿ 6 ಅಡಿಯ ಕಲ್ಲು, 14 ಗೇಜ್, ಮೂಲೆಗೊಂದೇ ಸಪೋರ್ಟ್ ಇರುತ್ತವೆ.

ಹಣವನ್ನು ಕಲ್ಲು ಇಳಿದು ಎಣಿಕೆ ಆದಾಗ ಒಂದು ಕಂತು, ಕಂಬ ನಿಂತು ಅಲುಗಿಸಿ ನೋಡಿದ ಮೇಲೆ ಒಂದು ಕಂತು, ತಂತಿ ಮುಗಿದ ಮೇಲೆ ಒಂದು ಕಂತು ಎಂದು ಕೊಡಿ. ನೂರಕ್ಕೆ ಹತ್ತನ್ನು ಮೊದಲ ದೊಡ್ಡ ಮಳೆ ಆಗುವವರೆಗೆ ಉಳಿಸಿಕೊಳ್ಳುತ್ತೇನೆ ಎಂದು ಮೊದಲೇ ಹೇಳಿ ಒಪ್ಪಿಸಿ. ಆ ಮಳೆ ಬಿದ್ದ ಮಾರನೇ ದಿನ ಮೂಲೆಯಲ್ಲಿ ನಿಂತು ಮೇಲಿನ ಎಳೆಯ ಉದ್ದಕ್ಕೆ ಕಣ್ಣು ಹಾಯಿಸಿ. ಎಳೆ ಎಲ್ಲಿ ತಗ್ಗಿದೆಯೋ ಅಲ್ಲಿನ ಕಂಬ ವಾಲಿದೆ. ಅಲ್ಲಿಗೆ ಹೋಗಿ ಸುಣ್ಣದಲ್ಲಿ ಗುರುತು ಹಾಕಿ, ಅವೆಲ್ಲವನ್ನೂ ಮತ್ತೆ ಕುಟ್ಟಿ ನಿಲ್ಲಿಸಿದ ಮೇಲೆ ಆ ಹತ್ತನ್ನು ಕೊಟ್ಟು ಕಳಿಸಿ.